ಶನಿವಾರಕ್ಕೊಂದು ಹನುಮಾನ್ ಚಾಲೀಸಾ: ಹೆದರಿಕೆ ಇರುವವರು ಕಲಿಯುವ ಕ್ರಮ

ಎರಡು ವರ್ಷದ ಹಿಂದೆ ಆಷಾಢದಲ್ಲಿ ನಾನು ಸ್ಕೂಟರಿನಿಂದ ಬಿದ್ದೆ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ದೊಡ್ಡ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಆ ಒಳದಾರಿಯಲ್ಲಿ ಒಂದು ಇಳಿಜಾರಿನ ತಿರುವಿದೆ. ಮಳೆಗಾಲ ಪೂರ್ತಿ ಅಲ್ಲಿ ಬಿಸಿಲೇ ಬೀಳುವುದಿಲ್ಲ, ಡಾಂಬರಿನ ಮೇಲೂ ಪಾಚಿ ಕಟ್ಟುತ್ತದೆ. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಜಾರಿತು. ಮಣಿಕಟ್ಟು ಉಳುಕಿ ಆರು ವಾರ ಪಟ್ಟಿ ಹಾಕಿಕೊಂಡಿದ್ದೆ. ದಸರಾ ಹೊತ್ತಿಗೆ ಕೈ ಪೂರ್ತಿ ಸರಿಯಾಯಿತು. ಆದರೆ ಸ್ಕೂಟರಿನ ಕೀಲಿ ಮುಟ್ಟಿದರೆ ಸಾಕು, ಬೆರಳು ನಡುಗುತ್ತಿತ್ತು. ರೇಷನ್ನಿಗೆ, ಪೇಟೆಗೆ, ಮಗಳನ್ನು ಬಸ್ಸಿಗೆ ಬಿಡುವುದಕ್ಕೆ, ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡುವ ಹಾಗಾಯಿತು.

ಅಡಿಕೆ ಕೊಯ್ಲು ಶುರುವಾಯಿತು. ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತೇವಲ್ಲ, ಒಂದು ಶನಿವಾರ ದೊಡ್ಡಮ್ಮ ಅಡಿಕೆ ಸುಲಿಯುತ್ತಲೇ ಹನುಮಾನ್ ಚಾಲೀಸಾ ಹೇಳುತ್ತಿದ್ದರು. ಒಂದು ಅಡಿಕೆಗೆ ಒಂದು ಸಾಲು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ಎಂತ ಮಾರಾಯ್ತಿ, ಸ್ಕೂಟರ್ ಮಾರ್ತೀಯಂತೆ?”

“ಹೌದು ದೊಡ್ಡಮ್ಮ. ಇನ್ನು ನನ್ನ ಕೈಲಿ ಆಗಲ್ಲ.”

“ಸಮುದ್ರ ಹಾರೋಕೆ ಮುಂಚೆ ಅವನೂ ಒಂದು ಮೂಲೇಲಿ ಸುಮ್ನೆ ಕೂತಿದ್ದ. ಅದು ಗೊತ್ತಿದೆಯಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಎಂಟು ಶನಿವಾರ ಅವರ ಹತ್ತಿರ ಕೂತು ಚಾಲೀಸಾ ಕಲಿತೆ. ನಾನು ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಯಾವುದಾದರೂ ಒಂದು ಹೆದರಿಕೆ ಕೂತುಬಿಟ್ಟಿದೆ, ವಾರಕ್ಕೊಮ್ಮೆ ಚಾಲೀಸಾ ಹೇಳುವ ಅಭ್ಯಾಸ ಮಾಡಿಕೊಳ್ಳಬೇಕು ಅನ್ನುವವರಿಗೆ ಇದು.

ಮೊದಲು ಪುಸ್ತಕ, ಹೊತ್ತು, ಜಾಗ

ಚಾಲೀಸಾ ಬರೆದವರು 16ನೇ ಶತಮಾನದ ತುಲಸೀದಾಸರು. ಇದು ಸಂಸ್ಕೃತ ಅಲ್ಲ. ಅವರ ಸೀಮೆಯ ಜನರ ಮಾತಾದ ಅವಧಿ ಭಾಷೆ. ‘ಚಾಲೀಸ್’ ಅಂದರೆ ನಲವತ್ತು. ಶುರುವಿನಲ್ಲಿ ಎರಡು ದೋಹಾ, ನಡುವೆ ನಲವತ್ತು ಚೌಪಾಈ, ಕೊನೆಗೆ ಒಂದು ದೋಹಾ. ದೋಹಾ, ಚೌಪಾಈ ಎರಡೂ ಇಲ್ಲಿ ಎರಡೆರಡು ಸಾಲಿನ ಪದ್ಯಗಳು. ಅವಸರ ಮಾಡದೆ ಹೇಳಿದರೆ ಎಂಟರಿಂದ ಹತ್ತು ನಿಮಿಷ ಹಿಡಿಯುತ್ತದೆ.

ಕನ್ನಡ ಲಿಪಿಯಲ್ಲಿ, ಕೆಳಗೆ ಅರ್ಥ ಕೊಟ್ಟಿರುವ ಒಂದು ಪುಸ್ತಕ ತೆಗೆದುಕೊಳ್ಳಿ. ಅದನ್ನು ಬದಲಾಯಿಸಬೇಡಿ. ಯಾಕೆಂದರೆ ಪುಸ್ತಕದಿಂದ ಪುಸ್ತಕಕ್ಕೆ ಒಂದೆರಡು ಕಡೆ ಪಾಠ ಬೇರೆ ಇರುತ್ತದೆ. ಆರನೆಯ ಚೌಪಾಈ ಕೆಲವು ಕಡೆ ‘ಸಂಕರ ಸುವನ’ ಎಂದಿದೆ, ಕೆಲವು ಕಡೆ ‘ಸಂಕರ ಸ್ವಯಂ’. ಮೂವತ್ತೆರಡನೆಯದರಲ್ಲಿ ಒಬ್ಬರು ‘ಸದಾ ರಹೋ’ ಅನ್ನುತ್ತಾರೆ, ಇನ್ನೊಬ್ಬರು ‘ಸಾದರ ಹೋ’ ಅನ್ನುತ್ತಾರೆ. ಎರಡೂ ಚಾಲ್ತಿಯಲ್ಲಿವೆ. ಆದರೆ ಪುಸ್ತಕದಲ್ಲಿ ಒಂದು ಓದಿ, ಮೊಬೈಲಿನಲ್ಲಿ ಇನ್ನೊಂದು ಕೇಳಿದರೆ ನಾಲಿಗೆ ಅದೇ ಜಾಗದಲ್ಲಿ ಪ್ರತಿ ಸಲ ತಡವರಿಸುತ್ತದೆ.

ನಮ್ಮ ಕಡೆ ಶನಿವಾರ ಆಂಜನೇಯನ ವಾರ. ಉತ್ತರದವರಿಗೆ ಮಂಗಳವಾರವೂ ಹೌದು. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತು ಒಳ್ಳೆಯದು, ಆ ಹೊತ್ತಿಗೆ ಹೇಗೂ ಕೈಕಾಲು ತೊಳೆದು ಒಂದು ಕಡೆ ನಿಂತಿರುತ್ತೇವೆ. ಒಂದು ದೀಪ, ಎರಡು ಎಸಳು ತುಳಸಿ ಸಾಕು. ಶಿವಮೊಗ್ಗ ಪೇಟೆಯಲ್ಲಿರುವವರು ಕೋಟೆ ಸೀತಾರಾಮಾಂಜನೇಯ ದೇವಸ್ಥಾನಕ್ಕೆ ಹೋಗಿ ಒಂದು ಕಂಬದ ಪಕ್ಕ ಕೂತು ಹೇಳಬಹುದು. ಶನಿವಾರ ತಪ್ಪಿದರೆ ಭಾನುವಾರ ಹೇಳಿ. ಮುಂದಿನ ಶನಿವಾರಕ್ಕೆ ಎರಡು ಸಲ ಹೇಳಿ ಸರಿಮಾಡುತ್ತೇನೆ ಅಂತ ಮಾತ್ರ ಮುಂದೂಡಬೇಡಿ. ಹಾಗೆ ಬಾಕಿ ಬೆಳೆದು ಬೆಳೆದು ಅಭ್ಯಾಸವೇ ನಿಂತುಹೋದವರನ್ನು ನೋಡಿದ್ದೇನೆ.

ಕೊನೆಗೆ ಬಾಯಿಪಾಠ ಆಗಲೇಬೇಕು. ಮಲೆನಾಡಿನವರಿಗೆ ಕಾರಣ ಹೇಳಬೇಕಿಲ್ಲ. ಜಡಿಮಳೆಯ ಶನಿವಾರ ಸಂಜೆ ಕರೆಂಟು ಇರುತ್ತದೆ ಅಂತ ನಂಬಲು ಆಗುತ್ತದಾ? ಹೆದರಿಕೆ ಬರುವುದೂ ಪುಸ್ತಕ ಕೈಯಲ್ಲಿಲ್ಲದ ಹೊತ್ತಿನಲ್ಲೇ.

ವಾರಕ್ಕೆ ಐದು, ಎಂಟು ವಾರ

ವಾರಕ್ಕೆ ಐದು ಚೌಪಾಈ ಕಲಿತರೆ ಎಂಟು ಶನಿವಾರಕ್ಕೆ ನಲವತ್ತು ಮುಗಿಯುತ್ತವೆ. ಮೊದಲ ವಾರ ಶುರುವಿನ ಎರಡು ದೋಹಾ ಸೇರಿಸಿಕೊಳ್ಳಿ, ಕೊನೆಯ ವಾರ ಕೊನೆಯ ದೋಹಾ. ಶನಿವಾರ ಹೊಸ ಐದನ್ನು ಅರ್ಥದ ಜೊತೆ ಓದುವುದು. ವಾರವಿಡೀ ಏನಾದರೂ ಕೈಕೆಲಸ ಮಾಡುವಾಗ ಅದನ್ನೇ ಗುನುಗುವುದು. ಮುಂದಿನ ಶನಿವಾರ ಮೊದಲಿನಿಂದ ಅಲ್ಲಿಯವರೆಗೆ ನೋಡದೆ ಹೇಳಿ, ಉಳಿದದ್ದನ್ನು ಪುಸ್ತಕ ನೋಡಿ ಓದಿ ಪೂರ್ತಿ ಮಾಡುವುದು. ಹೀಗೆ ಮಾಡಿದರೆ ಮೊದಲ ವಾರದಿಂದಲೇ ನಲವತ್ತೂ ಹೇಳಿದಂತಾಗುತ್ತದೆ. ಅರ್ಧಕ್ಕೆ ಬಿಟ್ಟೆ ಅನ್ನುವ ಕೊರಗು ಇರುವುದಿಲ್ಲ.

ಬಾಯಿಪಾಠಕ್ಕೆ ದೊಡ್ಡ ಆಸರೆ ಅದರ ಲಯ. ಹೈಸ್ಕೂಲಿನಲ್ಲಿ ಲಘು, ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆಯಲ್ವಾ? ಚೌಪಾಈಯ ಪ್ರತಿ ಸಾಲಿಗೆ 16 ಮಾತ್ರೆ. ‘ಜಯ ಕಪೀಸ ತಿಹುಂ ಲೋಕ ಉಜಾಗರ’ ತೆಗೆದುಕೊಳ್ಳಿ. ಜಯ ಎರಡು, ಕಪೀಸ ನಾಲ್ಕು, ತಿಹುಂ ಎರಡು, ಲೋಕ ಮೂರು, ಉಜಾಗರ ಐದು. ಕೂಡಿದರೆ ಸರಿಯಾಗಿ 16.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಕನ್ನಡದ ಲೆಕ್ಕದಲ್ಲಿ ಸೊನ್ನೆ ಬಂದ ಅಕ್ಷರ ಗುರು, ಹಾಗಾಗಿ ‘ತಿಹುಂ’ ಮೂರು ಮಾತ್ರೆ ಆಗಬೇಕಿತ್ತು. ಅಲ್ಲಿ ಎರಡೇ. ಯಾಕೆಂದರೆ ಅದು ‘ಮ್’ ಅಲ್ಲ. ಸ್ವರವನ್ನೇ ಮೂಗಿನಲ್ಲಿ ಹೇಳುವುದು, ತುಟಿ ಮುಚ್ಚಬಾರದು. ಕನ್ನಡ ಪುಸ್ತಕಗಳಲ್ಲಿ ಎರಡಕ್ಕೂ ಒಂದೇ ಸೊನ್ನೆ ಹಾಕುವುದರಿಂದ ನಾವು ‘ತಿಹುಮ್’, ‘ನಾಹೀಮ್’, ‘ತೇಮ್’ ಅಂತ ಓದಿಬಿಡುತ್ತೇವೆ. ಸಾಲು ಎಳೆದಂತಾಗುತ್ತದೆ, ಓಟ ಕೆಡುತ್ತದೆ. ಹೇಳುವಾಗ ತುಟಿ ಮುಚ್ಚಿತಾ ಅಂತ ಗಮನಿಸಿದರೆ ತಪ್ಪು ಗೊತ್ತಾಗುತ್ತದೆ.

ಇನ್ನೊಂದು, ‘ಗುನ’ವನ್ನು ‘ಗುಣ’ ಮಾಡಬೇಡಿ, ‘ಸಂಕರ’ವನ್ನು ‘ಶಂಕರ’ ಅಂತ ತಿದ್ದಬೇಡಿ, ‘ಜುಗ’ ‘ಯುಗ’ ಆಗುವುದು ಬೇಡ. ಅದು ಅಚ್ಚಿನ ತಪ್ಪಲ್ಲ. ತುಲಸೀದಾಸರ ಊರಿನ ಉಚ್ಚಾರಣೆಯೇ ಹಾಗೆ.

ಕನ್ನಡದ ಕಿವಿಗೆ ಮೋಸ ಮಾಡುವ ಶಬ್ದಗಳು

ಅರ್ಥ ತಿಳಿಯದೆ ಹೇಳಿದರೂ ಪುಣ್ಯ ಬರುತ್ತದೆ ಅನ್ನುತ್ತಾರೆ. ಇರಬಹುದು. ಧೈರ್ಯ ಬೇಕಿದ್ದರೆ ಅರ್ಥ ಬೇಕು ಅನ್ನುವುದು ನನ್ನ ಅನುಭವ. ಕಷ್ಟ ಏನೆಂದರೆ ಚಾಲೀಸಾದ ಎಷ್ಟೋ ಶಬ್ದ ನಮಗೆ ಗೊತ್ತಿರುವ ಶಬ್ದದಂತೆಯೇ ಕೇಳಿಸುತ್ತದೆ, ಅರ್ಥ ಮಾತ್ರ ಬೇರೆ. ‘ಕಾನನ ಕುಂಡಲ ಕುಂಚಿತ ಕೇಸಾ’ ಅಂದಾಗ ನನ್ನ ಕಣ್ಣ ಮುಂದೆ ನಮ್ಮ ಮನೆ ಹಿಂದಿನ ಕಾನು ಬಂದು ನಿಲ್ಲುತ್ತಿತ್ತು. ಕಾಡಿನಲ್ಲಿ ಕುಂಡಲ ಯಾಕೆ ಅಂತ ಯೋಚಿಸಿದ್ದೆ! ಅಲ್ಲಿ ‘ಕಾನ’ ಅಂದರೆ ಕಿವಿ. ಕಿವಿಗಳಲ್ಲಿ ಕುಂಡಲ, ಗುಂಗುರು ಕೂದಲು, ಅಷ್ಟೆ. ‘ಲೀಲ್ಯೋ’ ಅಂದರೆ ಲೀಲೆ ಅಲ್ಲ, ನುಂಗಿದ. ‘ಪಾಠ’ ಅಂದರೆ ಪಠಣ. ‘ಸತ ಬಾರ’ ಅಂದರೆ ಏಳು ಸಲ ಅಲ್ಲ, ನೂರು ಸಲ. ವಾರಕ್ಕೊಮ್ಮೆ ಹೇಳುವವರಿಗೆ ನೂರು ತುಂಬಲು ಎರಡು ವರ್ಷಕ್ಕೆ ನಾಲ್ಕು ವಾರ ಕಡಿಮೆ ಬೇಕು. ನನ್ನದು ಈಗಷ್ಟೇ ತೊಂಬತ್ತು ದಾಟಿದೆ.

ಮಲೆನಾಡಿನವರು ಸರಿಯಾಗಿ ತಿಳಿದುಕೊಳ್ಳಬೇಕಾದ ಸಾಲು ಇಪ್ಪತ್ನಾಲ್ಕನೆಯದು. ‘ಭೂತ ಪಿಸಾಚ ನಿಕಟ ನಹಿಂ ಆವೈ, ಮಹಾಬೀರ ಜಬ ನಾಮ ಸುನಾವೈ.’ ಮಹಾವೀರನ ಹೆಸರು ಕೇಳಿಸಿದರೆ ಭೂತ ಪಿಶಾಚಿ ಹತ್ತಿರ ಬರುವುದಿಲ್ಲ ಅಂತ. ನಮ್ಮಲ್ಲಿ ತೋಟದ ತಲೆಯಲ್ಲಿ ಚೌಡಿ ಇದ್ದಾಳೆ, ಬನದಲ್ಲಿ ಭೂತ ಇದೆ. ನಾವು ಅವರಿಗೆ ಕಾಯಿ ಒಡೆದು ಕೈ ಮುಗಿಯುವವರು. ಚಾಲೀಸಾ ಹೇಳಿದರೆ ಚೌಡಿಗೆ ಕೋಪ ಬರುತ್ತದಾ ಅಂತ ನನ್ನನ್ನೇ ಒಬ್ಬರು ಕೇಳಿದ್ದಾರೆ. ಅವಧಿ ಭಾಷೆಯಲ್ಲಿ ‘ಭೂತ’ ಅಂದರೆ ಕಾಡುವ ಪ್ರೇತ. ನಮ್ಮ ಜಾಗ ಕಾಯುವ ದೈವಕ್ಕೆ ನಾವು ಇಟ್ಟ ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ. ಅದೇ ರೀತಿ ಮೂವತ್ತೈದನೆಯದರಲ್ಲಿ ‘ಔರ ದೇವತಾ ಚಿತ್ತ ನ ಧರಈ’ ಅಂತ ಬರುತ್ತದೆ. ಬೇರೆ ದೇವರನ್ನು ಬಿಡಿ ಅಂತ ಅದು ಹೇಳುತ್ತಿಲ್ಲ. ಬೇರೆ ದೇವರನ್ನು ನೆನೆಯದೆ ಹೋದರೂ ಹನುಮನ ಸೇವೆಯೊಂದೇ ಎಲ್ಲ ಸುಖ ಕೊಡುತ್ತದೆ ಅಂತ. ಕುಲದೇವರ ಪೂಜೆಗೆ ಇದರಿಂದ ಏನೂ ಅಡ್ಡಿಯಿಲ್ಲ.

ಧೈರ್ಯ ಇರುವ ಜಾಗ: ಹದಿನೆಂಟರಿಂದ ಇಪ್ಪತ್ಮೂರು

ನಲವತ್ತನ್ನೂ ಹೇಳಿ. ಆದರೆ ಹೆದರಿಕೆ ಇರುವವರು ನಿಂತು ಅರ್ಥ ಮಾಡಿಕೊಳ್ಳಬೇಕಾದದ್ದು ನಡುವಿನ ಈ ಆರು. ಶುರುವಾಗುವುದು ಹೀಗೆ:

ಜುಗ ಸಹಸ್ರ ಜೋಜನ ಪರ ಭಾನೂ
ಲೀಲ್ಯೋ ತಾಹಿ ಮಧುರ ಫಲ ಜಾನೂ

ಸಾವಿರಾರು ಯೋಜನ ದೂರದ ಸೂರ್ಯನನ್ನು ಸಿಹಿ ಹಣ್ಣು ಅಂದುಕೊಂಡು ನುಂಗಿದೆ. ಇದರಿಂದ ಸೂರ್ಯನ ದೂರ ಗುಣಿಸಿ ತೆಗೆಯುವ ಲೆಕ್ಕ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದನ್ನು ಬದಿಗಿಡಿ. ಇಲ್ಲಿ ಇರುವುದು ಒಂದು ಮಗು. ಹಸಿವಾಯಿತು, ಹಣ್ಣು ಕಂಡಿತು, ಹಾರಿತು. ಬೀಳುತ್ತೇನೆ ಅನ್ನುವ ಯೋಚನೆಯೇ ಅದಕ್ಕೆ ಬರಲಿಲ್ಲ.

ಪ್ರಭು ಮುದ್ರಿಕಾ ಮೇಲಿ ಮುಖ ಮಾಹೀಂ
ಜಲಧಿ ಲಾಂಘಿ ಗಯೇ ಅಚರಜ ನಾಹೀಂ

ಪ್ರಭುವಿನ ಉಂಗುರವನ್ನು ಬಾಯಲ್ಲಿಟ್ಟುಕೊಂಡು ಸಮುದ್ರ ದಾಟಿದೆ, ಅದರಲ್ಲಿ ಆಶ್ಚರ್ಯ ಏನಿದೆ!

ಈ ಎರಡು ಚೌಪಾಈಗಳ ನಡುವೆ ಒಂದು ದೊಡ್ಡ ಕತೆ ಇದೆ. ತುಲಸೀದಾಸರು ಅದನ್ನು ಇಲ್ಲಿ ಹೇಳಿಲ್ಲ, ಕೇಳುವವರಿಗೆ ಗೊತ್ತಿದೆ ಅಂತ ಬಿಟ್ಟಿದ್ದಾರೆ. ದೊಡ್ಡಮ್ಮ ಹೇಳಿದ್ದು ಅದನ್ನೇ. ರಾಮಾಯಣದಲ್ಲಿ ಆ ತುಂಟ ಮಗುವಿನ ಕಾಟ ತಾಳದೆ ಋಷಿಗಳು, ನಿನ್ನ ಬಲ ನಿನಗೇ ಮರೆತುಹೋಗಲಿ, ಯಾರಾದರೂ ನೆನಪಿಸಿದಾಗ ಮರಳಿ ಬರಲಿ ಅಂತ ಶಾಪ ಕೊಡುತ್ತಾರೆ. ಆಮೇಲೆ ಕಪಿಗಳೆಲ್ಲ ಸಮುದ್ರದ ದಂಡೆಗೆ ಬಂದು ನಿಲ್ಲುತ್ತಾರೆ. ಎದುರಿಗೆ ನೂರು ಯೋಜನ ನೀರು. ಯಾರು ಎಷ್ಟು ಹಾರುತ್ತೀರಿ ಅಂತ ಕೇಳಿದರೆ ಒಬ್ಬ ಹತ್ತು ಅನ್ನುತ್ತಾನೆ, ಒಬ್ಬ ಇಪ್ಪತ್ತು ಅನ್ನುತ್ತಾನೆ. ಮುದುಕ ಜಾಂಬವಂತ ತೊಂಬತ್ತು ಆಗಬಹುದು ಅನ್ನುತ್ತಾನೆ. ಅಂಗದ ಹೇಳುತ್ತಾನೆ, ನೂರೂ ಹಾರುತ್ತೇನೆ, ಆದರೆ ವಾಪಸ್ ಬರಲು ಆಗುತ್ತದೋ ಇಲ್ಲವೋ. ಎಷ್ಟು ನಿಜವಾದ ಮಾತು ನೋಡಿ! ನಾನು ಸ್ಕೂಟರ್ ಹತ್ತಲು ಹೆದರುತ್ತಿದ್ದದ್ದು ಹೋಗುವುದಕ್ಕಲ್ಲ. ಆ ಇಳಿಜಾರಿನಲ್ಲಿ ಮತ್ತೆ ವಾಪಸ್ ಬರಬೇಕಲ್ಲ ಅಂತ.

ಇಷ್ಟೆಲ್ಲ ಮಾತಾಗುವಾಗ ಹನುಮಂತ ಒಂದು ಕಡೆ ಸುಮ್ಮನೆ ಕೂತಿರುತ್ತಾನೆ. ಸೂರ್ಯನ ಹತ್ತಿರ ಹಾರಿದವನು! ಜಾಂಬವಂತ ಅವನ ಬಳಿ ಹೋಗಿ, ನೀನು ಯಾರ ಮಗ, ಚಿಕ್ಕವನಿದ್ದಾಗ ಏನು ಮಾಡಿದ್ದೆ ಅಂತ ಒಂದೊಂದೇ ನೆನಪಿಸುತ್ತಾನೆ. ಹೊಸ ಬಲವನ್ನೇನೂ ಕೊಡುವುದಿಲ್ಲ. ಇದ್ದದ್ದನ್ನು ಹೇಳುತ್ತಾನೆ ಅಷ್ಟೆ. ಹದಿನೆಂಟನೆಯದಾದ ಕೂಡಲೇ ಹತ್ತೊಂಬತ್ತನೆಯದನ್ನು ಹೇಳುವಾಗ ಈ ದಂಡೆಯನ್ನು ಒಂದು ಉಸಿರು ನೆನೆಸಿಕೊಳ್ಳಿ. ನೀವು ಮೊದಲು ಧೈರ್ಯವಾಗಿ ಮಾಡಿದ ಒಂದು ಕೆಲಸವೂ ಆಗ ನೆನಪಾಗಲಿ. ನಾನು ಹದಿನಾರು ವರ್ಷ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದ್ದೆ. ಬಿದ್ದ ಒಂದು ದಿನ ಆ ಹದಿನಾರು ವರ್ಷವನ್ನು ಮರೆಸಿಬಿಟ್ಟಿತ್ತು.

ಉಂಗುರದ ಮಾತೂ ಮುಖ್ಯ. ಹಾರುವಾಗ ಅವನ ಬಾಯಲ್ಲಿ ಇದ್ದದ್ದು ಇನ್ನೊಬ್ಬರಿಗೆ ತಲುಪಿಸಬೇಕಾದ ವಸ್ತು. ತನ್ನ ಶೌರ್ಯ ತೋರಿಸಲು ಅವನು ಹೊರಟಿರಲಿಲ್ಲ. ಸೀತೆಗೆ ಸುದ್ದಿ ಮುಟ್ಟಿಸಬೇಕಿತ್ತು.

ದುರ್ಗಮ ಕಾಜ ಜಗತ ಕೇ ಜೇತೇ
ಸುಗಮ ಅನುಗ್ರಹ ತುಮ್ಹರೇ ತೇತೇ

ಜಗತ್ತಿನಲ್ಲಿ ಕಷ್ಟದ ಕೆಲಸ ಎಷ್ಟಿವೆಯೋ ಅಷ್ಟೂ ನಿನ್ನ ಅನುಗ್ರಹದಿಂದ ಸುಲಭವಾಗುತ್ತವೆ. ಇದು ಇಪ್ಪತ್ತನೆಯದು, ನಲವತ್ತರಲ್ಲಿ ಸರಿಯಾಗಿ ಅರ್ಧ. ಇಲ್ಲಿ ನಿಲ್ಲಿ. ನಿಮ್ಮ ‘ದುರ್ಗಮ ಕಾಜ’ ಯಾವುದು ಅಂತ ಮನಸ್ಸಿನಲ್ಲಿ ಹೆಸರಿಟ್ಟು ಹೇಳಿ, ಮುಂದೆ ಹೋಗಿ.

ಇಪ್ಪತ್ತೊಂದರಲ್ಲಿ ರಾಮನ ಬಾಗಿಲು ಕಾಯುವವನು ಅವನೇ, ಅವನ ಅಪ್ಪಣೆ ಇಲ್ಲದೆ ಒಳಗೆ ಹೋಗುವಂತಿಲ್ಲ ಅಂತ ಬರುತ್ತದೆ. ಆ ಬಾಗಿಲಿನ ಒಳಗೆ ಬಂದವರ ಮಾತು ಇಪ್ಪತ್ತೆರಡು:

ಸಬ ಸುಖ ಲಹೈ ತುಮ್ಹಾರೀ ಸರನಾ
ತುಮ ರಚ್ಛಕ ಕಾಹೂ ಕೋ ಡರ ನಾ

ನಿನ್ನ ಆಸರೆಗೆ ಬಂದವರಿಗೆ ಎಲ್ಲ ಸುಖ. ನೀನು ಕಾಯುವಾಗ ಯಾರಿಗೂ ಹೆದರಿಕೆ ಇಲ್ಲ. ‘ಡರ’ ಅಂದರೆ ಹೆದರಿಕೆ. ನಲವತ್ತರಲ್ಲಿ ಆ ಶಬ್ದ ಬರುವುದು ಇದೊಂದೇ ಕಡೆ, ಅದೂ ‘ನಾ’ ಸೇರಿಸಿಕೊಂಡು. ರಾತ್ರಿ ತೋಟದ ಮೋಟರ್ ನೋಡಲು ಒಬ್ಬರೇ ಹೋಗಬೇಕಾದಾಗ, ಪೂರ್ತಿ ಚಾಲೀಸಾ ಹೇಳುವಷ್ಟು ಹೊತ್ತಿಲ್ಲದಾಗ ಈ ಒಂದು ಸಾಲು ಸಾಕು.

ಇಪ್ಪತ್ಮೂರನೆಯದನ್ನು ಜನ ಸಾಮಾನ್ಯವಾಗಿ ಓಡಿಸಿಬಿಡುತ್ತಾರೆ. ‘ಆಪನ ತೇಜ ಸಮ್ಹಾರೋ ಆಪೈ, ತೀನೋಂ ಲೋಕ ಹಾಂಕ ತೇಂ ಕಾಂಪೈ.’ ನಿನ್ನ ಗರ್ಜನೆಗೆ ಮೂರು ಲೋಕ ನಡುಗುತ್ತದೆ, ಅಂಥ ನಿನ್ನ ತೇಜಸ್ಸನ್ನು ಹಿಡಿದಿಟ್ಟುಕೊಳ್ಳಬಲ್ಲವನೂ ನೀನೇ. ಹೆದರಿಕೆ ಹೋದ ತಕ್ಷಣ ಜೋರಾಗಿ ಗಾಡಿ ಓಡಿಸುವವರಿಗೆ ಈ ಸಾಲು ಬೇಕು.

ಶನಿವಾರಕ್ಕೆ ಒಂದು ಹೆಜ್ಜೆ

ಚಾಲೀಸಾ ಹೇಳಿ ಎದ್ದ ಮೇಲೆ, ಭಾನುವಾರ ಸಂಜೆಯ ಒಳಗೆ ಆ ಕಷ್ಟದ ಕೆಲಸದ ಒಂದು ಸಣ್ಣ ತುಂಡು ಮಾಡಬೇಕು. ಇದು ದೊಡ್ಡಮ್ಮನ ಷರತ್ತು. ಸುಮ್ನೆ ಕೂತು ಹೇಳಿದರೆ ಹೆದರಿಕೆ ಕೂತಲ್ಲೇ ಕೂತಿರುತ್ತದೆ ಅನ್ನುವುದು ಅವರ ಮಾತು.

ನನ್ನ ಮೊದಲ ಶನಿವಾರದ ತುಂಡು ಇಷ್ಟೇ: ಅಂಗಳದಲ್ಲಿ ನಿಂತ ಸ್ಕೂಟರಿನ ಮೇಲೆ ಕೂತು ಹತ್ತು ಎಣಿಸುವುದು. ಕೀಲಿ ಹಾಕುವುದೂ ಬೇಡ. ಎರಡನೆಯ ವಾರ ಇಂಜಿನ್ ಚಾಲೂ ಮಾಡಿ ಆರಿಸಿದೆ. ಮೂರನೆಯ ವಾರ ಅಂಗಳದಿಂದ ದಣಪೆಯವರೆಗೆ. ನಾಲ್ಕನೆಯ ವಾರ ನನ್ನ ಪಾಲಿಗೆ ಹದಿನಾರರಿಂದ ಇಪ್ಪತ್ತು ಬಂದಿತ್ತು. ಅವತ್ತು ಸಮತಟ್ಟಾದ ದಾರಿಯಲ್ಲಿ ಹಾಲಿನ ಡೇರಿಯವರೆಗೆ ಹೋಗಿ ಬಂದೆ. ಬೆರಳು ನಡುಗುತ್ತಲೇ ಇತ್ತು, ಆದರೂ ಹೋದೆ.

ಐದನೆಯ ವಾರ ಕೆಟ್ಟಿತು. ಡೇರಿ ದಾಟಿ ಸ್ವಲ್ಪ ಮುಂದೆ ಹೋದಾಗ ಎದುರಿಗೆ ಲಾರಿ ಬಂತು. ಬದಿಗೆ ಇಳಿಸಿ ನಿಂತವಳಿಗೆ ಮತ್ತೆ ಹತ್ತಲು ಆಗಲಿಲ್ಲ. ಗಾಡಿ ತಳ್ಳಿಕೊಂಡೇ ಮನೆಗೆ ಬಂದೆ, ಅಳು ಬಂದಿತ್ತು. ದೊಡ್ಡಮ್ಮ ಕಾಫಿ ಕೊಟ್ಟು, “ಮುಂದಿನ ವಾರ ಡೇರಿವರೆಗೇ ಹೋಗು, ಮುಂದೆ ಹೋಗೋದು ಬೇಡ” ಅಂದರು. ಆರನೆಯ ವಾರ ಹಾಗೇ ಮಾಡಿದೆ. ನಿಮಗೂ ಹೀಗಾದರೆ ಆಗಿದ್ದ ಹೆಜ್ಜೆಗೆ ವಾಪಸ್ ಹೋಗಿ, ಅದನ್ನೇ ಇನ್ನೊಂದು ವಾರ ಮಾಡಿ. ಚಾಲೀಸಾವನ್ನು ಮಾತ್ರ ಮೊದಲಿನಿಂದ ಶುರು ಮಾಡಬೇಡಿ, ಅದು ಮುಂದೆ ಹೋಗುತ್ತಿರಲಿ. ಏಳನೆಯ ವಾರ ತಿರುವಿನ ಮೇಲ್ಗಡೆಯವರೆಗೆ ಹೋಗಿ ನಿಂತು ನೋಡಿ ಬಂದೆ. ಎಂಟನೆಯ ವಾರ ಇಳಿದೆ.

ಆ ನಡುವೆ ಹಿಂದಿನ ಟೈರು ಬದಲಾಯಿಸಿದೆ, ಅದು ಪೂರ್ತಿ ಸವೆದಿತ್ತು. ‘ವಿದ್ಯಾವಾನ ಗುನೀ ಅತಿ ಚಾತುರ’ ಅಂತ ಏಳನೆಯದರಲ್ಲೇ ಇದೆಯಲ್ಲ, ಅವನು ಬರೀ ಬಲದವನಲ್ಲ, ಜಾಣ. ಲಂಕೆಗೆ ಹೋದಾಗಲೂ ಮೊದಲು ಸಣ್ಣ ರೂಪದಲ್ಲಿ ಸೀತೆಯನ್ನು ಕಂಡ, ಆಮೇಲೆ ಭಯಂಕರ ರೂಪ ತಾಳಿ ಊರು ಸುಟ್ಟ. ಒಂಬತ್ತನೆಯ ಚೌಪಾಈಯಲ್ಲಿ ಕ್ರಮ ಹಾಗೇ ಇದೆ, ‘ಸೂಕ್ಷ್ಮ ರೂಪ’ ಮೊದಲು, ‘ಬಿಕಟ ರೂಪ’ ಆಮೇಲೆ. ಹೆಜ್ಜೆ ಸಣ್ಣದಿರಲಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

‘ನಾಸೈ ರೋಗ ಹರೈ ಸಬ ಪೀರಾ’ ಅಂತ ಇದೆ, ರೋಗ ನಾಶವಾಗುತ್ತದೆ, ನೋವು ಹೋಗುತ್ತದೆ ಅಂತ. ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ, ಚಾಲೀಸಾವನ್ನೂ ಹೇಳಿ. ಲಕ್ಷ್ಮಣ ಬಿದ್ದಾಗ ಹನುಮಂತ ಪಕ್ಕದಲ್ಲಿ ಕೂತು ಜಪ ಮಾಡಲಿಲ್ಲ, ಹೋಗಿ ಸಂಜೀವಿನಿ ತಂದ. ಹನ್ನೊಂದನೆಯದು ಅದೇ.

ಎಲ್ಲಿ ಹಾರಿಹೋಗುತ್ತದೆ

ಬಾಯಿಪಾಠ ಆದ ಮೇಲೆ ಬರುವ ತೊಂದರೆ ಬೇರೆ. ನೋಡದೆ ಹೇಳುವವರು ಹೆಚ್ಚಾಗಿ ಎರಡು ಜಾಗದಲ್ಲಿ ದಾರಿ ತಪ್ಪುತ್ತಾರೆ. ಇಪ್ಪತ್ತೈದನೆಯದರ ಮೊದಲ ಸಾಲು ‘ಹರೈ ಸಬ ಪೀರಾ’ ಅಂತ ಮುಗಿಯುತ್ತದೆ, ಮೂವತ್ತಾರನೆಯದರದ್ದು ‘ಮಿಟೈ ಸಬ ಪೀರಾ’ ಅಂತ. ಎರಡರ ಎರಡನೆಯ ಸಾಲೂ ‘ಹನುಮತ ಬೀರಾ’, ‘ಹನುಮತ ಬಲಬೀರಾ’. ಇಪ್ಪತ್ತೈದರಲ್ಲಿ ಇದ್ದವರು ಗೊತ್ತೇ ಆಗದೆ ಮೂವತ್ತಾರಕ್ಕೆ ಹಾರಿ, ‘ಜಯ ಜಯ ಜಯ ಹನುಮಾನ ಗೋಸಾಈಂ’ ಅಂತ ಮುಂದೆ ಹೋಗಿಬಿಡುತ್ತಾರೆ. ನಡುವಿನ ಹತ್ತು ಹೋಯಿತು. ಕೆಲವರಿಗೆ ಉಲ್ಟಾ, ಮೂವತ್ತಾರರಿಂದ ಇಪ್ಪತ್ತಾರಕ್ಕೆ ಬಂದು ಮತ್ತೆ ಸುತ್ತುತ್ತಾರೆ. ಇನ್ನೊಂದು ಜಾಗ ‘ರಖವಾರೇ’. ಇಪ್ಪತ್ತೊಂದರಲ್ಲಿ ರಾಮನ ಬಾಗಿಲಿನ ಕಾವಲು, ಮೂವತ್ತರಲ್ಲಿ ಸಾಧುಸಂತರ ಕಾವಲು, ಎರಡೂ ‘ತುಮ ರಖವಾರೇ’.

ಹಾರಿದ್ದು ಗೊತ್ತಾಗುವುದು ಹೇಗೆ? ‘ಅಷ್ಟ ಸಿದ್ಧಿ ನೌ ನಿಧಿ’ ಬಾಯಿಗೆ ಬಂತಾ ಅಂತ ನೆನಪು ಮಾಡಿಕೊಳ್ಳಿ. ಅದು ಮೂವತ್ತೊಂದನೆಯದು. ಬರಲಿಲ್ಲ ಅಂದರೆ ನೀವು ಹಾರಿದ್ದೀರಿ. ಎರಡು ಸಲ ಬಂದರೆ ಸುತ್ತಿದ್ದೀರಿ. ಇದಕ್ಕೆ ಮದ್ದು ಅರ್ಥವೇ. ಇಪ್ಪತ್ತೈದು ರೋಗದ ಮಾತು, ಮೂವತ್ತಾರು ಸಂಕಟದ ಮಾತು. ರೋಗದ ಸಾಲು ಆದ ಮೇಲೆ ‘ಸಂಕಟ ತೇಂ ಹನುಮಾನ ಛುಡಾವೈ’ ಬರಬೇಕು, ಸಂಕಟದ ಸಾಲು ಆದ ಮೇಲೆ ಜೈಕಾರ ಬರಬೇಕು. ಈ ಜೋಡಿ ಹಿಡಿದುಕೊಂಡ ಮೇಲೆ ನನಗೆ ತಪ್ಪಿಲ್ಲ.

ನಲವತ್ತನೆಯದರಲ್ಲಿ ನಮಗೆ ಅರ್ಥ ಹೇಳಿಸಿಕೊಳ್ಳಬೇಕಿಲ್ಲದ ಒಂದು ಶಬ್ದ ಸಿಗುತ್ತದೆ. ‘ತುಲಸೀದಾಸ ಸದಾ ಹರಿ ಚೇರಾ, ಕೀಜೈ ನಾಥ ಹೃದಯ ಮಹಂ ಡೇರಾ.’ ತುಲಸೀದಾಸ ಯಾವತ್ತೂ ಹರಿಯ ಸೇವಕ, ಒಡೆಯ, ನನ್ನ ಎದೆಯಲ್ಲಿ ಡೇರೆ ಹಾಕು. ಡೇರಾ ಅಂದರೆ ನಮ್ಮ ಡೇರೆಯೇ. ನಾನು ಅದನ್ನು ಕಲಿತು ಮುಗಿಸಿದ ವಾರವೇ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ. ತುಂಗೆಯ ದಡದಲ್ಲಿ ಅಂಗಡಿ ಡೇರೆಗಳು ಎದ್ದಿದ್ದವು. ದೊಡ್ಡಮ್ಮನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲೇ ಹೊರಟೆ. ತಿರುವಿನ ಹತ್ತಿರ ಬಂದಾಗ ನನ್ನ ಬಾಯಲ್ಲಿ ‘ಕಾಹೂ ಕೋ ಡರ ನಾ’ ಇತ್ತು. ಹಿಂದಿನಿಂದ ದೊಡ್ಡಮ್ಮ ನನ್ನ ಭುಜ ಹಿಡಿದು ಹೇಳಿದರು:

“ಎಡಗಡೆ ಎಲೆ ಬಿದ್ದಿದೆ, ನೋಡ್ಕೊಂಡು ಹೋಗು.”